ಕೊನೆಯ ಹತ್ತು ಸೆಕೆಂಡು

ಟೇಕಲ್‌ನ ಚಂದನ ಮಾಲೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಯಾರಿಗೂ ಗೊತ್ತಿಲ್ಲದ ಆವಿಷ್ಕಾರಗಳ ಕಥೆಯನ್ನು ಅರವತ್ತು ಸೆಕೆಂಡಿನ ಪತ್ತೇದಾರಿ ರೀಲು ಮಾಡಿ ಹಾಕುವುದು ಅವಳ ಹುಚ್ಚು. ಶುರುವಿಗೇ ಒಂದು ಪ್ರಶ್ನೆ, ಆಮೇಲೆ ಸುಳಿವುಗಳು, ನಡುವೆ ದಾರಿ ತಪ್ಪಿಸಲು ಒಬ್ಬ ಸುಳ್ಳು ಕಳ್ಳ, ಗುಟ್ಟು ಕೊನೆಯ ಹತ್ತು ಸೆಕೆಂಡಿನಲ್ಲಿ. ಗುಟ್ಟು ಮೊದಲೇ ಬಿಟ್ಟುಕೊಟ್ಟರೆ ಯಾರು ನೋಡುತ್ತಾರೆ ಎನ್ನುವುದು ಅವಳ ವಾದ. ಬುದ್ಧಿವಂತೆಯೇ, ಪಾಪ.

ಈ ಸಲದ ಕಥೆ ಹನಿ ನೀರಾವರಿಯದು. ಊರಿನ ನಲ್ಲಿಗಳಿಗೆ ನೀರು ಬಿಡುವ ವಾಟರ್‌ಮನ್ ಆಂಜಿನಪ್ಪನ ಹಿತ್ತಲಲ್ಲಿ ಬಾಡಿದ ಮರಗಳ ನಡುವೆ ಒಂದೇ ಮಾವು ಹಚ್ಚಗೆ ನಿಂತಿತ್ತು. ಚಂದನಳಿಗೆ ಅಷ್ಟು ಸಾಕಾಯಿತು.

"ಮಾಮ, ವಾಲ್ವ್ ತಿರುಗಿಸ್ತಾ ಕಳ್ಳನ ಥರ ಆಕಡೆ ಈಕಡೆ ನೋಡು."

"ಅಯ್ಯೋ, ಹಂಗಾ? ತಡಿಯಮ್ಮ, ಒಗ್ದಿರೋ ಶರ್ಟ್ ಹಾಕ್ಕೊಂಡ್ ಬರ್ತೀನಿ."

ರೀಲು ಹೀಗಿತ್ತು. ಸುತ್ತ ಮರಗಳೆಲ್ಲ ಸೊರಗಿವೆ, ಇದೊಂದೇಕೆ ಸೊಂಪಾಗಿದೆ? ಮೊದಲ ಸುಳಿವು: ಮಳೆಯಿಲ್ಲ, ಕಾಲುವೆಯಿಲ್ಲ. ಎರಡನೆಯದು: ಬುಡದ ಮೇಲ್ಮಣ್ಣು ಒಣಕಲು. ಹಾಗಾದರೆ ಕದ್ದು ನೀರು ಬಿಡುವವರು ಯಾರು? ಇಲ್ಲಿ ಆಂಜಿನಪ್ಪನ ಕಳ್ಳನೋಟ. ಮೂರನೆಯದು: ಅಗೆದರೆ ಮೇಲೆ ಅಂಗೈಯಗಲ ಒದ್ದೆ, ಕೆಳಗೆ ಹೋದಂತೆ ಅಗಲವಾಗುತ್ತದೆ. ಕೊನೆಗೆ ಗುಟ್ಟು: ಕಳ್ಳ ಯಾರೂ ಇಲ್ಲ, ಇರುವುದು ಬೆಸುಗೆ ಬಿಟ್ಟ ಪೈಪು! ಈ ಸುಳಿವುಗಳು ಇಲ್ಲಿನ ಮಾವಿನವಲ್ಲ; ತೊಂಬತ್ತು ವರ್ಷದ ಹಿಂದೆ, ದೂರದ ಒಣದೇಶದಲ್ಲಿ ಒಬ್ಬ ಎಂಜಿನಿಯರ್ ಇಂಥದೇ ಮರ ಕಂಡ. ಹನಿಹನಿ ಸೋರಿದರೆ ಬೇರಿಗೆ ಸಾಕು ಎಂದು ತಿಳಿದ. ಮುಂದೆ ಪ್ಲಾಸ್ಟಿಕ್ ಬಂದ ಮೇಲೆ, ಉದ್ದದ ಸಣ್ಣ ಸುರುಳಿದಾರಿಯಲ್ಲಿ ನೀರು ಉಜ್ಜಿಕೊಂಡು ಹರಿದು ವೇಗ ಕಳೆದುಕೊಂಡು ತೊಟ್ಟಿಕ್ಕುವ ಸಾಧನ ಮಾಡಿದ.

ಲಕ್ಷಾಂತರ ಜನ ನೋಡಿದರು. ಚಂದನ ನೆಲಕ್ಕೆ ಕಾಲೂರದೆ ತಿರುಗಿದಳು. ಯಾರು ಎಷ್ಟು ಹೊತ್ತು ನೋಡಿದರೆಂದು ಫೋನಿನಲ್ಲಿ ತೆರೆದಾಗ ಗೊತ್ತಾಯಿತು: ಬಹುಪಾಲು ಜನ ಕಳ್ಳನೋಟಕ್ಕೇ ಬೆರಳಾಡಿಸಿ ಮುಂದೆ ಹೋಗಿದ್ದರು.

ಊರವರೂ ಅಷ್ಟೇ. ನಲ್ಲಿಗಳು ಬತ್ತಿದ ಬೇಸಗೆ ಬೇರೆ. ಕುಡಿಯೋ ನೀರನ್ನ ಮರಕ್ಕೆ ಬಿಡ್ತಾನಂತೆ, ಕೆಲಸದಿಂದ ತೆಗೀರಿ ಎಂದು ಪಂಚಾಯ್ತಿಯಲ್ಲಿ ಗಲಾಟೆಯಾಯಿತು.

ಚಂದನ ಓಡಿ ಬಂದಾಗ ಆಂಜಿನಪ್ಪ ಕಳ್ಳಪೈಪಿಲ್ಲವೆಂದು ತೋರಿಸಲು ಜನರೆದುರು ತನ್ನ ಮಾವಿನ ಬುಡವನ್ನು ತಾನೇ ಅಗೆಯುತ್ತಿದ್ದ. ಬೇರುಗಳು ಕಡಿದು ಬಿದ್ದಿದ್ದವು. ಪೈಪಿರಲಿಲ್ಲ, ಬಚ್ಚಲಿನಿಂದ ಮರದವರೆಗೆ ಕೊಚ್ಚೆ ಹರಿದ ಜಾಡು ಮಾತ್ರ ಇತ್ತು; ಮರ ಹಚ್ಚಗಿದ್ದದ್ದು ಆ ನೀರಿನಿಂದ.

"ನಾನು ಹೇಳ್ಕೊಟ್ಟು ಮಾಡಿಸಿದ್ದು! ಮಾಮ ಕದ್ದಿಲ್ಲ! ಕೊನೇವರ್ಗೂ ನೋಡ್ರಿ!"

"ಕೊನೇಲಿ ಹೇಳೋದನ್ನ ಮೊದ್ಲೇ ಹೇಳಕ್ಕೇನಾಗಿತ್ತೇ?" ಎಂದಳು ಗುಂಪಿನಲ್ಲಿದ್ದ ಭಾರತಮ್ಮ, ಖಾಲಿ ಕೊಡ ಎತ್ತಿಕೊಂಡು. ಜನ ಮೆಲ್ಲಗೆ ಚದುರಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ.

ಚಂದನಳ ಮುಖ ನಾಚಿಕೆಯಿಂದ ಉರಿಯುತ್ತಿತ್ತು. ಬಗ್ಗಿ ಬೇರಿನ ಮೇಲೆ ಮಣ್ಣು ಎಳೆಯತೊಡಗಿದಳು.

ಆಂಜಿನಪ್ಪ ಗುದ್ದಲಿಗೆ ಒರಗಿ ಉಸಿರು ತೆಗೆದುಕೊಂಡ.

"ನಾನು ಪೂರ್ತಿ ನೋಡ್ದೆ ಕಣಮ್ಮ," ಎಂದ. "ಆ ಕಳ್ಳನೋಟ, ನೀನು ಹೇಳಿದಂಗೇ ಮಾಡಿದೀನಲ್ವಾ?"