ಬೆನ್ನ ಮೇಲಿನ ಐದು ಬೆರಳು

ಉಡಿಗಾಲದ ನೀಲಕಂಠಸ್ವಾಮಿಯವರ ಮನೆಗೆ ನಾಗರತ್ನ ಗುಂಡ್ಲುಪೇಟೆಯಿಂದ ಸೊಸೆಯಾಗಿ ಬಂದು ಎರಡೇ ತಿಂಗಳು. ಜನವರಿಯ ಆ ಭಾನುವಾರ ಮಧ್ಯಾಹ್ನ ಅತ್ತೆ ಮಾವ ಇಬ್ಬರೂ ಹೊಲದಲ್ಲಿದ್ದರು. ಅವಳು ಹಿತ್ತಿಲಲ್ಲಿ ಕೂತು ಹಸಿ ಅರಿಶಿನದ ಗಡ್ಡೆ ಮುರಿಯುತ್ತಿದ್ದಳು. ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದ ಗಂಡ ಮೃತ್ಯುಂಜಯ, ಇಪ್ಪತ್ತಾರನೇ ತಾರೀಕಿನ ಧ್ವಜಾರೋಹಣಕ್ಕೆಂದು ಹೊಲಿಸಿದ ಬಿಳೀ ಹತ್ತಿ ಷರ್ಟು ತೊಟ್ಟುಕೊಂಡು ಬಂದು, ಹೇಗಿದೆ ಎಂದು ತಿರುಗಿ ನಿಂತ. ಬಾಯಲ್ಲಿ ಹೇಳುವ ಬದಲು ಅವಳು ಬೆನ್ನ ಮೇಲೆ ಕೈಯಿಟ್ಟಳು.

ಐದೂ ಬೆರಳು ಅಚ್ಚಾಗಿ ಮೂಡಿದವು.

ಷರ್ಟಿಗೆ ಇನ್ನೂ ಒಂದು ದಿನ ಇತ್ತು. ನಾಗರತ್ನಳ ಮಾನಕ್ಕೆ ಅಷ್ಟೂ ಇರಲಿಲ್ಲ, ಅತ್ತೆ ದೊಡ್ಡಮಲ್ಲಮ್ಮ ಸಂಜೆಗೆ ಬರುವವರು. ಹಾಡಹಗಲಲ್ಲಿ ಗಂಡನ ಬೆನ್ನು ಮುಟ್ಟಿದ ಸೊಸೆ ಎಂದು ಬೀದಿಯೆಲ್ಲ ಆಡಿಕೊಂಡರೆ ಏನು ಗತಿ?

ಅವಳು ಬಟ್ಟೆ ಸೋಪು ಹಚ್ಚಿ ಉಜ್ಜಿದಳು. ಹಳದಿ ಹೋಗುವ ಬದಲು ಕೈ ಗುರುತು ರಕ್ತದ ಹಾಗೆ ಕೆಂಪಾಯಿತು. ಮೃತ್ಯುಂಜಯ ಬಾಗಿಲ ಸಂದಿಯಿಂದ ನೋಡಿ, ಈಗ ಕೊಲೆಯಾದವನ ಷರ್ಟಿನ ಹಾಗಿದೆ ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ನಾಲ್ಕು ಸಲ ನೀರಲ್ಲಿ ಜಾಲಿಸಿದ ಮೇಲೆ ಕೆಂಪು ಇಳಿದು ಮತ್ತೆ ಹಳದಿಯೇ ನಿಂತಿತು. ರಾತ್ರಿ ಯಾರಿಗೂ ಕಾಣದಂತೆ ಒಲೆಯ ಮೂಲೆಯಲ್ಲಿ ಒಣಹಾಕಿದಳು. ಬೆಳಗ್ಗೆ ಷರ್ಟು ಗರಿಗರಿಯಾಗಿ ಒಣಗಿತ್ತು, ಕೈ ಹಾಗೇ ಇತ್ತು.

ಅರಿಶಿನ ಬೇಯಿಸುವ ಕೆಲಸಕ್ಕೆ ಬರುತ್ತಿದ್ದ ಸುಂದ್ರಮ್ಮ ಬೆಳಗ್ಗೆ ಅದನ್ನು ನೋಡಿ ಮೊದಲು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಹೇಳಿದಳು, "ಕಾವಲ್ಲ ಕಣವ್ವ, ಬೆಳಕು ಬೇಕು ಇದಕ್ಕೆ. ಅಂಗಳದಲ್ಲಿ ಒಣಗ್ತಾ ಅದಲ್ಲ ಅರಿಶಿನ, ಮ್ಯಾಲೆ ಬಿಳಚಿಕೊಂಡಿರ್ತದೆ, ಮುರುದ್ರೆ ಒಳಗೆ ಕೆಂಪಗಿರ್ತದೆ. ಬಿಸ್ಲು ಬಣ್ಣನೇ ಮುರುದಾಕ್ತದೆ. ಪುಡಿನ ಅದಕ್ಕೇ ಡಬ್ಬೀಲಿ ಮುಚ್ಚಿಡಾದು. ಒದ್ದೆ ಮಾಡಿ, ಗುರುತು ಸೂರ್ಯನ ಕಡೆ ಇರಂಗೆ ಹಾಕು. ಒಣಗಿದ್ರೆ ಮತ್ತೆ ನೆನಸು."

ಹಿತ್ತಿಲ ಮೇಲೆ ಹೊಂಗೆ ಮರ ದಟ್ಟವಾಗಿ ಹರಡಿತ್ತು. ಮನೆಗಿದ್ದ ಬಿಸಿಲೆಲ್ಲ ಮುಂದಿನ ಅಂಗಳದಲ್ಲೇ. ಅಲ್ಲಿ ಅರಿಶಿನಕ್ಕೆ ಮೇಕೆ ಬಾರದಂತೆ ಕೋಲು ಹಿಡಿದು ದೊಡ್ಡಮಲ್ಲಮ್ಮ ಜಗಲಿಯ ಮೇಲೆ ಕೂತಿದ್ದರು.

ನಾಗರತ್ನ ಅವರ ಕಣ್ಣೆದುರೇ ಷರ್ಟನ್ನು ಹಗ್ಗಕ್ಕೆ ಹಾಕಿ, ಅದರ ಮೇಲೊಂದು ಸೀರೆ ಹರಡಿ, ಏನೂ ಆಗದವಳ ಹಾಗೆ ಒಳಗೆ ಹೋದಳು. ಒಂದು ಗಳಿಗೆ ಬಿಟ್ಟು ನೀರು ಚಿಮುಕಿಸುವ ನೆಪದಲ್ಲಿ ಬಂದಳು. ಮತ್ತೆ ಬಂದಳು. ಎಷ್ಟನೆಯ ಸಲವೋ, ಸೀರೆ ಎತ್ತಿ ನೋಡಿದರೆ ಗಾಳಿಗೆ ಸೆರಗು ಸರಿದಲ್ಲಿ ಎರಡು ಬೆರಳು ಪೂರಾ ಮಾಯವಾಗಿದ್ದವು. ಉಳಿದ ಮೂರು ಬೆರಳೂ ಅಂಗೈಯೂ ನಿನ್ನೆಯ ಹಾಗೇ ಇದ್ದವು. ಈಗ ಅದು ಯಾವುದೋ ಪ್ರಾಣಿಯ ಪಾದದ ಹಾಗೆ ಕಾಣುತ್ತಿತ್ತು.

"ಆ ಸೀರೆ ತಗುದ್ಬುಡಮ್ಮಿ," ಎಂದರು ದೊಡ್ಡಮಲ್ಲಮ್ಮ, ಕೋಲನ್ನು ನೋಡುತ್ತಾ. "ನೆಳ್ಳಲ್ಲಿ ಹೋಗಾಕಿಲ್ಲ ಅದು. ನಾನೂ ಮುಚ್ಚಿ ನೋಡಿವ್ನಿ ಒಂದು ಕಾಲಕ್ಕೆ."

ನಾಗರತ್ನ ಕೆಂಪಾದಳು. ಸೀರೆ ತೆಗೆದಳು.

ಆ ಹೊತ್ತಿಗೇ ನೀಲಕಂಠಸ್ವಾಮಿ ಗದ್ದೆಯಿಂದ ಬಂದರು. ಹಗ್ಗದ ಮುಂದೆ ನಿಂತು ತಲೆ ಓರೆ ಮಾಡಿ, ಮೂರು ಬೆರಳನ್ನೂ ಬಲು ಹೊತ್ತು ನೋಡಿ, ಇದು ಯಾರ ಕೈ ಎಂದು ಕೇಳಿದರು.

"ನಂದು," ಎಂದರು ದೊಡ್ಡಮಲ್ಲಮ್ಮ. "ನೆನ್ನೆ ಸಂಜೆ ಅರಿಶಿನ ಮುರೀತಾ ಇದ್ದೆ, ಹಂಗೇ ಎದ್ದು ಬೆನ್ನಿಗೊಂದು ಏಟು ಬುಟ್ಟೆ."

"ಇಪ್ಪತ್ತೆಂಟು ವರ್ಷದ ಮೇಷ್ಟ್ರಿಗೆ?"

"ಮೇಷ್ಟ್ರಾದ್ರೆ ಮಗ ಅಲ್ವಾ?"

ಅದು ನೀಲಕಂಠಸ್ವಾಮಿಯವರಿಗೆ ನ್ಯಾಯವೆನಿಸಿತು. ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿಲು ಮೂರನೆಯ ಬೆರಳನ್ನೂ ತಿಂದಿತು; ನಾಗರತ್ನ ಎದ್ದು ಹೋಗಿ ನಿಶ್ಚಿಂತೆಯಾಗಿ ನೀರು ಚಿಮುಕಿಸಿ ಬಂದಳು. ಸಂಜೆ ಐದಕ್ಕೆ ಷರ್ಟಿನ ಬೆನ್ನು ಹಾಲಿನಂತಾಯಿತು. ಅದನ್ನು ಮಡಿಸುವಾಗ, ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ಕೂಲು ಮುಗಿಸಿ ಬಸ್ಸಿಳಿದು ಬಂದ ಮೃತ್ಯುಂಜಯನಿಗೆ ಇದೊಂದೂ ಗೊತ್ತಿರಲಿಲ್ಲ. ನೀಲಕಂಠಸ್ವಾಮಿ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ನಿಮ್ಮವ್ವನಿಗೆ ಅಷ್ಟು ಸಿಟ್ಟು ಬರುವಂಥದ್ದು ಏನು ಮಾಡಿದೆ, ಒಪ್ಪಿಕೊಂಡುಬಿಡು ಎಂದು ಶಾಂತವಾಗಿ ಬುದ್ಧಿ ಹೇಳತೊಡಗಿದರು. ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಅವ್ವ ಇದ್ದರು, ಅವರ ಹಿಂದೆ ಹೆಂಡತಿ ಇದ್ದಳು. ಇಬ್ಬರೂ ಒಪ್ಪಿಕೋ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದರು.

"ತಪ್ಪಾಯ್ತು ಅಪ್ಪಾಜಿ," ಎಂದ ಮೃತ್ಯುಂಜಯ.