ಏನು ಒತ್ತಿದರೂ ಹಸಿರು

ಅಪ್ಪನಿಗೆ ಮೊದಲ ಏಟು ಬಿದ್ದದ್ದು ರಸಮಟ್ಟದಿಂದ. ಗಾರೆ ಕೆಲಸದವರು ಗೋಡೆಗೆ ಇಟ್ಟು ನೋಡುವ, ಮಧ್ಯದ ಗಾಜಿನಲ್ಲಿ ನೀರಿನ ಗುಳ್ಳೆ ಓಡಾಡುವ, ತೋಳುದ್ದದ ಅಲ್ಯೂಮಿನಿಯಂ ಪಟ್ಟಿ ಅದು. ಅಪ್ಪ ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ. ಏಟು ಕಿವಿಯ ಮೇಲೆ ಬಿತ್ತು. ಅವನ ಕೈಯಲ್ಲಿದ್ದ ಸೀಟು ಚಾರ್ಟು ಜಾರಿ ಚಕ್ರದ ಹತ್ತಿರ ಬಿತ್ತು. ಇಪ್ಪತ್ತು ಹೆಜ್ಜೆ ಆಚೆ, ಚಿಕ್ಕಮ್ಮನ ಝೆರಾಕ್ಸ್ ಅಂಗಡಿಯ ಕೌಂಟರಿನ ಹಿಂದೆ ನಿಂತು ನಾನು ಅದನ್ನು ನೋಡಿದೆ.

ಹೊಡೆದ ಮೇಸ್ತ್ರಿ ಕೆಟ್ಟವನಲ್ಲ. ಬೆಳಿಗ್ಗೆ ನಮ್ಮ ಅಂಗಡಿಗೆ ಬಂದು, ತಂಗೀ, ಈ ಟಿಕೆಟ್ಟುಗಳನ್ನ ಸ್ವಲ್ಪ ಗಟ್ಟಿ ಕಾಗದದ ಮೇಲೆ ತೆಗೆದುಕೊಡಮ್ಮ ಎಂದು ಕೇಳಿದ್ದವನು ಅವನೇ. ಅವನ ಜೊತೆ ಹನ್ನೊಂದು ಆಳುಗಳು, ಹೆಂಡತಿ. ಹದಿಮೂರು ಟಿಕೆಟ್ಟು. ಮಾರನೇ ದಿನ ಬೆಳಗಾಗುವುದರೊಳಗೆ ಕೆಲಸದ ಜಾಗ ಮುಟ್ಟದಿದ್ದರೆ ಆ ಕಟ್ಟಡ ಬೇರೆ ಮೇಸ್ತ್ರಿಯ ಪಾಲಾಗುತ್ತದೆ ಎಂದು ಹೆಂಡತಿ ಯಾರೊಂದಿಗೋ ಫೋನಿನಲ್ಲಿ ಹೇಳುತ್ತಿದ್ದಳು.

ಟಿಕೆಟ್ಟು ಕೊಡಿಸಿದವನು ಸೆಂಟು. ಅವನ ನಿಜವಾದ ಹೆಸರು ನಿಲ್ದಾಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಬರುವುದಕ್ಕಿಂತ ಮೊದಲು ಸೆಂಟಿನ ವಾಸನೆ ಬರುತ್ತಿತ್ತು, ಅಷ್ಟೆ. ಟಿಕೆಟ್ ಕೌಂಟರಿನ ಸರತಿ ಉದ್ದವಾದ ದಿನ ಅದರ ಬಾಲಕ್ಕೆ ಹೋಗಿ ನಿಂತು, ಯಾಕಣ್ಣ ಬಿಸಿಲಲ್ಲಿ ಒಣಗ್ತೀಯ ಎಂದು ಮಾತಿಗೆ ಇಳಿಯುವುದು ಅವನ ಉದ್ಯೋಗ. ಕೌಂಟರಿನಲ್ಲಿ ಸೀಟು ಮುಗಿದಿದೆ ಎಂದರೂ ಅವನ ಫೋನಿನಲ್ಲಿ ಮುಗಿದಿರುತ್ತಿರಲಿಲ್ಲ. ಬೆಲೆಯೂ ಕಡಿಮೆ. ಹಣ ಮಾತ್ರ ಬಸ್ಸಿನ ಕಂಪನಿಗೆ ಹೋಗುವುದಿಲ್ಲ, ಯಾವುದೋ ಒಬ್ಬ ಮನುಷ್ಯನ ಹೆಸರಿಗೆ ಹೋಗುತ್ತದೆ.

ಆ ಟಿಕೆಟ್ಟುಗಳು ಮೆಷಿನ್ನಿನಿಂದ ಹೊರಬರುವಾಗಲೇ ನಾನು ನೋಡಿದ್ದೆ. ದಿನಕ್ಕೆ ನೂರು ಟಿಕೆಟ್ಟು ತೆಗೆಯುವ ಕೈ ಇದು. ಆ ಕಂಪನಿಯ ನಿಜವಾದ ಟಿಕೆಟ್ಟಿನ ಕೆಳಗೆ ಅವರ ಆಫೀಸಿನ ಫೋನ್ ನಂಬರು ಇರುತ್ತದೆ, ಬಸ್ಸಿನ ಪಕ್ಕೆಯ ಮೇಲೆ ಬಣ್ಣದಲ್ಲಿ ಬರೆದಿರುವ ಅದೇ ನಂಬರು. ಇವುಗಳ ಕೆಳಗೆ ಸಹಾಯಕ್ಕೆ ಎಂದು ಇದ್ದದ್ದು ಒಂದು ಮೊಬೈಲ್ ನಂಬರು. ಅದು ಸೆಂಟಿನದು. ನಮ್ಮ ಅಂಗಡಿಯ ಮುಂದಿನ ಕಂಬಕ್ಕೇ ಅವನು ಅಂಟಿಸಿದ್ದ ಚೀಟಿಯಲ್ಲಿ ಅದನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಹದಿಮೂರು ಜನರಲ್ಲಿ ಒಬ್ಬರ ಫೋನಿಗೂ ಕಂಪನಿಯಿಂದ ಮೆಸೇಜು ಬಂದಿಲ್ಲವೆಂದು ಆಳುಗಳು ತಮ್ಮೊಳಗೇ ಮಾತಾಡಿಕೊಳ್ಳುತ್ತಿದ್ದರು. ಸೆಂಟು ನಮ್ಮ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ನನ್ನನ್ನೇ ನೋಡುತ್ತಾ ನಿಂತಿದ್ದ.

"ಏನ್ ಪುಟ್ಟಿ, ಇವತ್ತೂ ಮೌನವ್ರತಾನಾ?" ಎಂದ.

ಆಳುಗಳು ನಕ್ಕರು. ನಾನು ತಲೆ ತಗ್ಗಿಸಿ ಕಾಗದ ಎಣಿಸಿ ಕೊಟ್ಟೆ. ಅಪರಿಚಿತರ ಮುಂದೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಆ ಬಸ್ಸಿನ ಕಂಡಕ್ಟರು ಅಪ್ಪನೇ ಎಂದು ನನಗೆ ಗೊತ್ತಿತ್ತು. ಅಪ್ಪ ನೋಡಿಕೊಳ್ಳುತ್ತಾನೆ ಎಂದುಕೊಂಡೆ.

ಮಧ್ಯಾಹ್ನ ಎರಡು ಗಂಟೆಯ ಬಸ್ಸು. ಮೂವತ್ತಾರು ಸೀಟು, ಮೂವತ್ತಾರು ಜನ ಆಗಲೇ ಕೂತಾಗಿತ್ತು. ಅಪ್ಪ ಮೇಸ್ತ್ರಿಯ ಟಿಕೆಟ್ಟಿನ ನಂಬರನ್ನು ಚಾರ್ಟಿನಲ್ಲಿ ಹುಡುಕಿದ, ಕೈಯ ಮೆಷಿನ್ನಿಗೂ ಹಾಕಿದ. ಇಲ್ಲ ಎಂದ. ಮೇಸ್ತ್ರಿ ಕೋಪ ಮಾಡಿಕೊಳ್ಳಲಿಲ್ಲ. ಟಿಕೆಟ್ಟಿನ ಮೂಲೆಯಲ್ಲಿದ್ದ ಕ್ಯೂಆರ್ ಚೌಕದ ಗುರುತಿಗೆ ತನ್ನ ಫೋನು ಹಿಡಿದ. ಕಂಪನಿಯದೇ ಬಣ್ಣದ ಒಂದು ಪುಟ ತೆರೆದುಕೊಂಡಿತು. ನಂಬರು ತಾನಾಗಿಯೇ ಕೂತಿತು. ಕೆಳಗೆ ದೊಡ್ಡ ಹಸಿರು ಸರಿ ಗುರುತು, ಸೀಟು ಖಚಿತ ಎಂಬ ಅಕ್ಷರ. ಉಳಿದವರೂ ಒಬ್ಬೊಬ್ಬರಾಗಿ ಹಿಡಿದು ನೋಡಿದರು. ಹದಿಮೂರೂ ಹಸಿರು.

ಅಪ್ಪನ ಬಾಯಿ ಮೊದಲಿನಿಂದಲೂ ಹರಿತ. ಟಿಕೆಟ್ಟಿನ ಮೇಲಿನ ಗುರುತು ಆ ಟಿಕೆಟ್ಟು ಮಾಡಿದವನ ಮನೆಗೇ ಕರೆದುಕೊಂಡು ಹೋಗುತ್ತದೆ, ಕೌಂಟರಿನಲ್ಲಿ ವಿಚಾರಿಸಿ ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಕಳ್ಳನ ಮನೆ ಬಾಗಿಲು ತಟ್ಟಿ, ನೀನು ಕಳ್ಳನಾ ಅಂತ ಕೇಳಿದ್ರೆ ಹೌದು ಅಂತಾನೇನ್ರೀ? ನಾಲ್ಕು ಕಾಸು ಉಳಿಯತ್ತೆ ಅಂದ್ರೆ ಬಾಯಿ ಬಿಟ್ಕೊಂಡು ಹೋಗ್ತೀರ."

ಹಿಂದಿನಿಂದ ಸೆಂಟಿನ ದನಿ ಬಂತು. ಇದೆಲ್ಲ ಇವರ ಆಟ, ನಿಮ್ಮ ಸೀಟನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಮಾರಿಕೊಂಡಿದ್ದಾನೆ, ಹಸಿರು ಬಂದ ಮೇಲೆ ಇಲ್ಲ ಎನ್ನುವುದಕ್ಕೆ ಇವನ್ಯಾರು ಎಂದು. ರಸಮಟ್ಟ ಎದ್ದದ್ದು ಆಗ.

ಅಪ್ಪ ಕಂಬಿ ಹಿಡಿದುಕೊಂಡ. ಯಾರೋ ಅವನ ಬೆರಳಿನ ಮೇಲೆ ಸುತ್ತಿಗೆಯ ಹಿಡಿಯಿಂದ ಗುದ್ದಿದರು. ಕಂಬಿ ಬಿಟ್ಟ. ಇಬ್ಬರು ಕಾಲು ಹಿಡಿದು ಎಳೆದರು. ಅವನ ಗದ್ದ ಮೂರು ಮೆಟ್ಟಿಲಿಗೂ ತಾಗುತ್ತಾ ಕೆಳಗೆ ಬಂತು. ಡ್ರೈವರ್ ಮಾಮ ಕೆಳಗಿಳಿದು ಬಿಡಿಸಲು ಹೋದ. ಅವನ ಮೂಗು ಒಡೆಯಿತು. ಟಿಕೆಟ್ ಕೌಂಟರಿನ ಅಕ್ಕ ಶಟರು ಎಳೆದುಕೊಂಡಳು. ನಾಲ್ಕು ಆಳುಗಳು ಬಸ್ಸಿಗೆ ನುಗ್ಗಿ ಕೂತವರನ್ನು ತಲೆಗೂದಲು ಹಿಡಿದು ಎಳೆಯತೊಡಗಿದರು. ಸೀಟಿನಲ್ಲಿದ್ದವರು ಏನಾಗಿದೆಯೆಂದೇ ತಿಳಿಯದೆ ತಿರುಗಿ ಒದ್ದರು. ಕಿಟಕಿಯ ಗಾಜು ಒಡೆದು ನೆಲದ ತುಂಬ ಉದುರಿತು. ಅಪ್ಪ ಆ ಗಾಜಿನ ಮೇಲೆ ಮೊಣಕೈ ಊರಿ ಏಳುತ್ತಿದ್ದ, ಬೀಳುತ್ತಿದ್ದ. ಒಬ್ಬ ಆಳು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಕಬ್ಬಿಣದ ಗುಂಡನ್ನು ದಾರದಲ್ಲಿ ಬೀಸುತ್ತಿದ್ದ. ಅದು ಅಪ್ಪನ ಎಡಗಣ್ಣಿಗೆ ಬಿತ್ತು. ಹಸಿ ಮಣ್ಣಿಗೆ ಕಲ್ಲು ಬಿದ್ದಂಥ ಸದ್ದು.

ನಾನು ಯಾವಾಗ ಕೌಂಟರು ಹಾರಿದೆನೋ ಗೊತ್ತಿಲ್ಲ. ಜನರ ಕಾಲ ಸಂದಿಯಲ್ಲಿ ಬಗ್ಗಿ ಹೋದೆ. ಯಾರದೋ ಚಪ್ಪಲಿ ನನ್ನ ಕೈ ತುಳಿಯಿತು. ಆ ಕೈಯ ಪಕ್ಕದಲ್ಲೇ ಒಂದು ಫೋನು ಬಿದ್ದಿತ್ತು, ಗಾಜು ಸೀಳಿದ್ದರೂ ಬೆಳಕಿತ್ತು, ಹಸಿರು ಇನ್ನೂ ಉರಿಯುತ್ತಿತ್ತು. ಎತ್ತಿಕೊಂಡೆ. ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಅವರ ಕೈಯಲ್ಲಿ ಪುರಾವೆ ಇತ್ತು. ಆ ಪುರಾವೆಯನ್ನೇ ಮುರಿಯಬೇಕಿತ್ತು. ನಂಬರಿದ್ದ ಜಾಗವನ್ನು ಮುಟ್ಟಿದೆ. ಅಳಿಸಲು ಬಂತು. ಎಲ್ಲವನ್ನೂ ಅಳಿಸಿ, ಬರೀ ಸೊನ್ನೆ ಒತ್ತಿದೆ, ಹತ್ತು ಸೊನ್ನೆ.

ಹಸಿರು. ಸೀಟು ಖಚಿತ.

ಮೇಸ್ತ್ರಿಯ ಹೆಂಡತಿ ಗಂಟುಮೂಟೆಗಳ ಮೇಲೆ ಕೂತು, ಸಾಕು ಬಿಡ್ರೋ, ಸತ್ತೋಗ್ತಾನೆ ಎಂದು ಅಳುತ್ತಿದ್ದಳು. ಅವಳ ಮಡಿಲಿಗೆ ಫೋನು ಇಟ್ಟೆ.

"ಅಕ್ಕ, ನೀವೇ ಒತ್ತಿ. ಬಾಯಿಗೆ ಬಂದ ನಂಬರ್ ಒತ್ತಿ."

ಅವಳು ನನ್ನ ಮುಖ ನೋಡಿದಳು. ಒಂದು, ಎರಡು, ಮೂರು ಎಂದು ಸಾಲಾಗಿ ಒತ್ತಿದಳು. ಹಸಿರು. ಬರೀ ಏಳು ಒತ್ತಿದಳು. ಹಸಿರು. ಅವಳ ಅಳು ನಿಂತೇಹೋಯಿತು. ಎದ್ದು ಗಂಡನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಜಗ್ಗಿ ಫೋನನ್ನು ಅವನ ಮೂಗಿಗೆ ಹಿಡಿದಳು.

"ನೋಡು. ನಾನು ಏಳು ಅಂದ್ರೂ ಸೀಟಿದೆ ಅಂತಿದೆ ಇದು. ಯಾರನ್ನ ಹೊಡೀತಿದ್ದೀಯ ನೀನು?"

ಮೇಸ್ತ್ರಿ ನಂಬಲಿಲ್ಲ. ಆಳುಗಳಿಗೆ ತಡೀರಿ ಎಂದು ಕೈ ಎತ್ತಿ, ತಾನೂ ಒತ್ತಿ ನೋಡಿದ. ಆಮೇಲೂ ನಂಬಲಿಲ್ಲ. ನಾನು ಬಸ್ಸಿನ ಪಕ್ಕೆಯ ಮೇಲೆ ಬರೆದಿದ್ದ ನಂಬರು ತೋರಿಸಿದೆ. ಟಿಕೆಟ್ಟಿನಲ್ಲಿರುವುದಕ್ಕಲ್ಲ, ಇದಕ್ಕೆ ಮಾಡಿ ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಅವನು ಮಾಡಿದ. ಆಫೀಸಿನವರು ಟಿಕೆಟ್ಟಿನ ನಂಬರು ಕೇಳಿದರು, ಹಾಗೊಂದು ಬುಕಿಂಗೇ ಇಲ್ಲ ಎಂದರು. ಅಷ್ಟರಲ್ಲಿ ಕೌಂಟರಿನ ಅಕ್ಕ ಶಟರನ್ನು ಗೇಣುದ್ದ ಎತ್ತಿದಳು. ಮೇಸ್ತ್ರಿಯ ಹೆಂಡತಿ ಒಟ್ಟುಮಾಡಿ ಕೊಟ್ಟ ಹದಿಮೂರೂ ಕಾಗದಗಳನ್ನು ಆ ಸಂದಿಯೊಳಗೆ ತೂರಿಸಿದೆ. ಅವಳು ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿ, ಇಲ್ಲ, ಇದೂ ಇಲ್ಲ ಎನ್ನುತ್ತಾ ವಾಪಸು ತಳ್ಳಿದಳು. ಆರನೆಯದಕ್ಕೆ ಮೇಸ್ತ್ರಿ ಸಾಕು ಎಂದ. ರಸಮಟ್ಟ ಅವನ ಕೈಯಲ್ಲೇ ಇತ್ತು. ಅದರ ತುದಿಯಲ್ಲಿ ಅಪ್ಪನ ಕೂದಲು ಅಂಟಿತ್ತು.

"ಟಿಕೆಟ್ಟಿನ ಕೆಳಗಿರೋ ಆ ಮೊಬೈಲ್ ನಂಬರ್ ಯಾರದು?" ಎಂದು ಕೇಳಿದ.

ಸೆಂಟು ಚೀಟಿ ಅಂಟಿಸಿದ್ದ ಕಂಬವನ್ನು ನಾನು ತೋರಿಸಿದೆ. ಅಷ್ಟೇ ಮಾಡಿದ್ದು.

ಸೆಂಟು ಓಡಲು ತಡಮಾಡಿದ್ದ. ತಾನೇ ಎಬ್ಬಿಸಿದ ಜಗಳವನ್ನು ನೋಡುತ್ತಾ ನಿಂತಿದ್ದ. ಹಿಡಿದಾಗ, ನನಗೂ ಮೋಸವಾಗಿದೆ ಕಣಣ್ಣ, ಹುಡುಕಿದಾಗ ಮೇಲೆ ಬಂದ ವೆಬ್‌ಸೈಟು ಅದು, ಕಮಿಷನ್ ಕೊಡ್ತೀವಿ ಅಂದ್ರು ಎಂದು ಅಂಗಲಾಚಿದ. ಇರಬಹುದು. ಅಪ್ಪನ ಮಾತನ್ನು ಕೇಳಿಸಿಕೊಳ್ಳದವರು ಇವನ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವನ ಬಲಗೈಯನ್ನು ಕಲ್ಲು ಕಟ್ಟೆಯ ಮೇಲೆ ಚಾಚಿ ಹಿಡಿದು ಸುತ್ತಿಗೆ ಎತ್ತಿದರು. ಈ ಸಲ ಹಿಡಿಯಿಂದಲ್ಲ, ಕಬ್ಬಿಣದ ಕಡೆಯಿಂದ. ಮೂರು ಏಟು. ಬೆರಳುಗಳು ಬೆರಳಿನಂತೆ ಉಳಿಯಲಿಲ್ಲ. ಬಸ್ಸಿನಲ್ಲಿ ಒದೆ ತಿಂದಿದ್ದ ಪ್ರಯಾಣಿಕರೂ ಇಳಿದು ಬಂದು ಸೇರಿಕೊಂಡರು.

ನಾನು ಬಿಡಿ ಎಂದೆ. ಕೂಗಿದೆ. ಈಗಷ್ಟೇ ನನ್ನ ಮಾತು ಕೇಳಿದ್ದ ಅದೇ ಜನ ನನ್ನನ್ನು ಬೇಲಿಯ ಗಿಡದಂತೆ ಪಕ್ಕಕ್ಕೆ ಸರಿಸಿದರು.

ಅಪ್ಪ ತೆವಳಿಕೊಂಡು ಬಂದ. ಅರ್ಧ ಮುಖ ರಕ್ತದಲ್ಲಿ ಮುಚ್ಚಿತ್ತು. ಸೆಂಟಿನ ಮೇಲೆ ಅಡ್ಡ ಬಿದ್ದ. ಅಪ್ಪನ ಬೆನ್ನಿಗೆ ಇನ್ನೂ ಎರಡು ಏಟು ಬಿದ್ದವು, ಆಮೇಲೆ ಕೈಗಳು ನಿಂತವು.

"ಇವನು ಸತ್ರೆ ಆ ವೆಬ್‌ಸೈಟಿನವರು ಯಾರು ಅಂತ ಯಾರನ್ನ ಕೇಳ್ತೀರ? ನಾಳೆ ಇನ್ನೊಬ್ಬ ಸೆಂಟು ಬರ್ತಾನೆ," ಎಂದ. ಹಲ್ಲು ಮುರಿದಿದ್ದರಿಂದ ಮಾತು ಗಾಳಿಯಾಗಿ ಬರುತ್ತಿತ್ತು.

ಪೊಲೀಸರು ಬಂದಾಗ ಮೇಸ್ತ್ರಿ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ. ಓಡಲಿಲ್ಲ. ಅವನ ಹೆಂಡತಿ ನನ್ನ ಕೈಗೆ ತನ್ನ ಸೆರಗು ಹರಿದು ಕಟ್ಟಿದಳು, ಮುಖ ನೋಡಲಿಲ್ಲ. ಒಂದೇ ಆಂಬುಲೆನ್ಸಿನಲ್ಲಿ ಅಪ್ಪನನ್ನೂ ಸೆಂಟನ್ನೂ ಹಾಕಿದರು, ನಾನೂ ಹತ್ತಿದೆ. ದಾರಿಯುದ್ದಕ್ಕೂ ರಕ್ತದ ಮೇಲೆ ಆ ಸುಗಂಧ ತೇಲುತ್ತಿತ್ತು.

ಅಪ್ಪನ ಎಡಗಣ್ಣು ಉಳಿಯಲಿಲ್ಲ. ಮಾರನೇ ದಿನ ಮಧ್ಯಾಹ್ನ ಡಾಕ್ಟರು ಹೇಳಿ ಹೋದರು. ಕೌಂಟರಿನ ಅಕ್ಕ ಹಣ್ಣು ತಂದಿದ್ದಳು. ನಿನ್ನ ಮಗಳು ಇಲ್ಲದಿದ್ದರೆ ನೀನು ಉಳಿಯುತ್ತಿರಲಿಲ್ಲ, ಎಂಥಾ ಬುದ್ಧಿ ಅವಳದು ಎಂದು ಹೊಗಳಿದಳು. ನಾನು ಮಂಚದ ಎಡಕ್ಕೆ, ಬ್ಯಾಂಡೇಜಿನ ಕಡೆಗೆ ನಿಂತಿದ್ದೆ. ಅಲ್ಲಿ ನಿಂತರೆ ಅಪ್ಪನಿಗೆ ನಾನು ಕಾಣುವುದಿಲ್ಲ.

ಅವಳು ಹೋದ ಮೇಲೆ ಹೇಳಿದೆ. ಬೆಳಿಗ್ಗೆಯೇ ನೋಡಿದ್ದೆ ಎಂದು. ಟಿಕೆಟ್ಟಿನ ಕೆಳಗೆ ಸೆಂಟಿನ ನಂಬರಿತ್ತು, ಮೇಸ್ತ್ರಿ ಎದುರಿಗೇ ಇದ್ದ, ನಾನು ಬಾಯಿ ತೆರೆಯಲಿಲ್ಲ ಎಂದು.

ಹೊದಿಕೆಯ ಮೇಲಿದ್ದ ಅಪ್ಪನ ಬೆರಳುಗಳು ಬಾತು ನೀಲಿಯಾಗಿದ್ದವು.

"ಆ ಕಡೆ ಯಾಕೆ ನಿಂತಿದ್ದೀಯ? ಕಾಣೋ ಕಣ್ಣಿನ ಕಡೆ ಬಾ."

ಮಂಚ ಸುತ್ತಿಕೊಂಡು ಬಂದೆ. ಅವನ ಬಲಗಣ್ಣು ಕೆಂಪಾಗಿತ್ತು, ನೇರವಾಗಿ ನನ್ನ ಮೇಲಿತ್ತು.

"ಈಗ ಹೇಳು," ಎಂದ. "ಗಟ್ಟಿಯಾಗಿ ಹೇಳು."

ಮೊದಲಿನಿಂದ ಹೇಳಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ.