ಐವತ್ತನಾಲ್ಕು ಮಧ್ಯಾಹ್ನ

ಮುಂಡರಗಿಯ ಆ ಅನುದಾನಿತ ಪ್ರೌಢಶಾಲೆಯಲ್ಲಿ ಹಾಜರಿ ಪುಸ್ತಕಕ್ಕೆ ದೇವರ ಮರ್ಯಾದೆ. ಹತ್ತು ಗಂಟೆಗೆ ಪ್ರಾರ್ಥನೆ ಮುಗಿದ ಕೂಡಲೇ ಹೆಸರು ಕೂಗಬೇಕು, ಹತ್ತೂ ಹದಿನೈದಕ್ಕೆ ಪುಸ್ತಕ ಮುಖ್ಯೋಪಾಧ್ಯಾಯರ ಕಪಾಟು ಸೇರಬೇಕು. ಆಮೇಲೆ ಬಂದವರು ಪಾಠ ಕೇಳಬಹುದು, ಬಿಸಿಯೂಟ ಉಣ್ಣಬಹುದು, ಸಂಜೆಯ ಗಂಟೆ ಬಾರಿಸುವ ತನಕ ಕೂಡಬಹುದು. ಪುಸ್ತಕದ ಮಟ್ಟಿಗೆ ಮಾತ್ರ ಅವರು ಬಂದೇ ಇಲ್ಲ. ಮಧ್ಯಾಹ್ನದ ಹಾಜರಿಗೆ ಅದರಲ್ಲಿ ಬೇರೆ ಕಾಲಮು ಉಂಟು. ಅದನ್ನು ಮಧ್ಯಾಹ್ನ ಯಾರೂ ತುಂಬುತ್ತಿರಲಿಲ್ಲ. ಮರುದಿನ ಪುಸ್ತಕ ಕೈಗೆ ಬಂದಾಗ ಮುಂಜಾನೆಯ ಗುರುತನ್ನೇ ನೋಡಿ ಪಕ್ಕದಲ್ಲಿ ಇಳಿಸಿಬಿಡುವುದು. ಎಲ್ಲ ಶಿಕ್ಷಕರದೂ ಅದೇ ರೂಢಿ. ಹತ್ತನೇ ತರಗತಿಯ ವರ್ಗಶಿಕ್ಷಕಿ ಜಾಹ್ನವಿಯೂ ಆರು ವರ್ಷದಿಂದ ಹಾಗೇ ಮಾಡುತ್ತಿದ್ದಳು, ತಾನು ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನಕ್ಕೂ ಅನ್ನಿಸಿರಲಿಲ್ಲ.

ಜನವರಿಯಲ್ಲಿ ಮುಖ್ಯೋಪಾಧ್ಯಾಯ ಸಿದ್ದಾರೂಢ ಸರ್ ಸುತ್ತೋಲೆ ಹೊರಡಿಸಿದರು. ಹಾಜರಿ ಶೇಕಡ ಎಪ್ಪತ್ತೈದು ಮುಟ್ಟದವರಿಗೆ ಹತ್ತನೇ ತರಗತಿಯ ಪರೀಕ್ಷೆಗೆ ಪ್ರವೇಶಪತ್ರ ಇಲ್ಲ. ಯಾರು ಕಡಿಮೆ ಬಿದ್ದಿದ್ದಾರೆ, ಯಾಕೆ, ಎಂದು ವರ್ಗಶಿಕ್ಷಕರು ಪತ್ರ ಬರೆದು ಕೊಡಬೇಕು. ಗಣಿತ ಕಲಿಸುವ ಜಾಹ್ನವಿಗೆ ಅಂಕಿಯೆಂದರೆ ಹುರುಪು. ಭಾನುವಾರ ಕೂತು ತಿಂಗಳುವಾರು, ಊರುವಾರು ಪಟ್ಟಿ ಹಾಕಿದಳು. ಹಾಕುತ್ತ ಹಾಕುತ್ತ ಹುರುಪು ಇಳಿದುಹೋಯಿತು.

ಎಂಟು ಜನ ಕಡಿಮೆ ಬಿದ್ದಿದ್ದರು. ಅವರಲ್ಲಿ ಆರು ಹುಡುಗಿಯರು ಗಿಡ್ಡಹಾಳದವರು. ಮಳೆಗೆ ಆ ಊರಿನ ಹಳ್ಳದ ಸೇತುವೆ ಕುಸಿದ ಮೇಲೆ ಬಸ್ಸು ಸುತ್ತು ಹಾಕಿ ಬರುತ್ತಿತ್ತು, ಎರಡು ದಿನಕ್ಕೊಮ್ಮೆ ಹತ್ತೂವರೆ ದಾಟುತ್ತಿತ್ತು. ಆರು ಜನರಲ್ಲಿ ಕಾಂಚನಾ ಲೆಕ್ಕದಲ್ಲಿ ಎಲ್ಲರಿಗಿಂತ ಜಾಣೆ. ಪುಸ್ತಕದ ಪ್ರಕಾರ ನೂರಾ ಅರವತ್ತು ದಿನಗಳಲ್ಲಿ ಅವಳು ಬಂದದ್ದು ನೂರಾ ಮೂರು ದಿನ. ಬೇಕಾದದ್ದು ನೂರಾ ಇಪ್ಪತ್ತು.

ಸೇತುವೆ ಕುಸಿದ ಮೇಲೆ ಅವಳ ಹೆಸರಿನ ಮುಂದೆ ಐವತ್ತನಾಲ್ಕು ಗೈರು ಬಿದ್ದಿದ್ದವು. ಆ ದಿನಗಳ ಮಧ್ಯಾಹ್ನದ ಹಾಜರಿಯನ್ನಾದರೂ ಹಾಕಿದ್ದರೆ ಒಂದೊಂದಕ್ಕೂ ಅರ್ಧ ದಿನ ಸಿಗುತ್ತಿತ್ತು. ಮೂವತ್ತನಾಲ್ಕು ಮಧ್ಯಾಹ್ನ ಸಿಕ್ಕರೆ ಸಾಕು, ಹುಡುಗಿ ಪಾರು. ಜಾಹ್ನವಿ ಕಪಾಟಿನಲ್ಲಿದ್ದ ಮಧ್ಯಾಹ್ನದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನೆಲ್ಲ ಕೆಳಗಿಳಿಸಿ ತಾರೀಖು ನೋಡಿದಳು. ಗೈರು ಎಂದು ತಾನೇ ಬರೆದ ದಿನಗಳಲ್ಲಿ ಕಾಂಚನಾ ಬರೆದ ಪತ್ರಿಕೆಗಳು ಹನ್ನೊಂದು ಸಿಕ್ಕವು. ಅಡುಗೆಯ ಮುಮ್ತಾಜಳನ್ನು ಕೇಳಿದಳು.

“ಕಾಂಚನಾ ಏನ್ರಿ? ದಿನಾ ಎರಡ ಸರ್ತಿ ಸಾರು ಹಾಕಿಸ್ಕೋತಾಳ್ರಿ ಅಕಿ” ಎಂದಳು ಮುಮ್ತಾಜ. ಆದರೆ ಊಟದ ಪುಸ್ತಕ ತೆಗೆದರೆ ಅಲ್ಲಿ ಹೆಸರುಗಳಿಲ್ಲ, ಮುಂಜಾನೆಯ ಹಾಜರಿ ನೋಡಿ ಬರೆದ ಸಂಖ್ಯೆ ಮಾತ್ರ.

ಜಾಹ್ನವಿ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಕೂತಳು. ಬಸ್ಸಿನ ವಿಷಯ, ಸೇತುವೆಗೆ ಮೊದಲಿನ ಮತ್ತು ಆಮೇಲಿನ ಅಂಕಿ, ಆರು ಜನರ ಪಟ್ಟಿ, ಎಲ್ಲ ಬರೆದ ಮೇಲೆ ಕೊನೆಯ ಪ್ಯಾರಾಕ್ಕೆ ಬಂದಳು:

“ಈ ವಿಶ್ಲೇಷಣೆಯ ಮಿತಿಗಳನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಮಧ್ಯಾಹ್ನದ ಹಾಜರಿಯನ್ನು ನಾನು ಹೆಸರು ಕೂಗಿ ತುಂಬಿಲ್ಲ, ಮುಂಜಾನೆಯದನ್ನು ನಕಲು ಮಾಡಿದ್ದೇನೆ. ಆದ್ದರಿಂದ ಮೇಲಿನ ಗೈರುಹಾಜರಿಯ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ಕು. ಕಾಂಚನಾ ಹನ್ನೊಂದು ಮಧ್ಯಾಹ್ನ ಶಾಲೆಯಲ್ಲಿದ್ದಳು ಎಂಬುದಕ್ಕೆ ಉತ್ತರಪತ್ರಿಕೆ ಲಗತ್ತಿಸಿದ್ದೇನೆ. ಉಳಿದ ನಲವತ್ತಮೂರು ದಿನ ಶಾಲೆಯಲ್ಲಿದ್ದಳೋ ಇಲ್ಲವೋ ಎಂದು ದಾಖಲೆಯಿಂದ ಹೇಳಲು ಸಾಧ್ಯವಿಲ್ಲ.”

ಸಹಿ ಹಾಕಿದಳು. ನೌಕರಿಗೆ ಕುತ್ತು ಬರುತ್ತದೆಂದು ಗೊತ್ತಿತ್ತು. ಆದರೂ ತಾನು ತಪ್ಪು ಒಪ್ಪಿಕೊಂಡರೆ ಹುಡುಗಿಯರು ಉಳಿಯುತ್ತಾರೆ ಎಂದು ನಂಬಿದ್ದಳು. ಪಾಪ, ಎಷ್ಟು ಓದಿದರೂ ಕೆಲವರಿಗೆ ಕಚೇರಿ ಅರ್ಥವಾಗುವುದಿಲ್ಲ.

ಸಿದ್ದಾರೂಢ ಸರ್ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಮೇಡಮ್ಮರ, ಹನ್ನೊಂದು ಅರ್ಧ ದಿನ ಕೂಡಿಸಿದ್ರೂ ಅರವತ್ತೆಂಟಕ್ಕ ನಿಲ್ತೈತಿ. ಉಳದದ್ದು ಗೊತ್ತಿಲ್ಲ ಅಂತ ನೀವ ಬರದೀರಿ. ನಿಮಗ ಗೊತ್ತಿಲ್ಲದ್ದು ನನಗ ಹ್ಯಾಂಗ ಗೊತ್ತಾಗಬೇಕು?”

“ಪುಸ್ತಕಾನ ಸುಳ್ಳು ಐತ್ರಿ ಸರ. ಅದನ್ನ ಹಿಡದು ಹುಡುಗ್ಯಾರನ್ನ ತಗಿಯೂದು ತಪ್ಪಲ್ಲೇನ್ರಿ?”

“ಒಂದು ವರ್ಗದ ಪುಸ್ತಕ ಸುಳ್ಳಂದ್ರ ಸಾಲಿ ಪುಸ್ತಕೆಲ್ಲಾ ಸುಳ್ಳಾತು. ಅದನ್ನ ಮ್ಯಾಲಿನವರಿಗೆ ನಾ ಬರೀಲೇನು?” ಅವರು ಪತ್ರವನ್ನು ಅವಳತ್ತ ಸರಿಸಿದರು. “ಆ ಮಿತಿ ಅನ್ನೂ ಪ್ಯಾರಾ ತಗದು ಬ್ಯಾರೆ ಬರಕೊಂಡು ಬರ್ರಿ. ನಿಮ್ಮ ನೌಕರಿ ಉಳಿತೈತಿ.”

“ತಗದ್ರ ಹುಡುಗ್ಯಾರು ಪರೀಕ್ಷಾಕ್ಕ ಕುಂಡ್ರತಾರೇನ್ರಿ?”

“ಇಲ್ಲ.”

“ಹಂಗಾರ ನಾ ತಗಿಯೂದಿಲ್ರಿ.”

ಗುಮಾಸ್ತನ ಮೇಜಿನಲ್ಲಿ ಅದೇ ಪತ್ರಕ್ಕೆ ಆವಕ ಸಂಖ್ಯೆ ಹಾಕಿಸಿ, ಮುದ್ರೆ ಬಿದ್ದ ಮೇಲೆಯೇ ಜಾಹ್ನವಿ ತರಗತಿಗೆ ಹೋದಳು. ಮುಖ್ಯೋಪಾಧ್ಯಾಯರು ಸುಮ್ಮನೆ ಕೂಡುವವರಲ್ಲ. ಎಂಟು ಹೆಸರಿನ ಪಟ್ಟಿಯನ್ನು ಮರುದಿನವೇ ಮೇಲಕ್ಕೆ ಕಳಿಸಿದರು. ಪಾಲಕರಿಗೆ ನೋಟೀಸು ಬರೆಸಿ, ಅದರ ಜೊತೆಗೆ ಅವಳ ಪತ್ರದ ನಕಲನ್ನೂ ಇಡಿಸಿದರು. ಜಗಳಕ್ಕೆ ಬಂದವರು ಅವಳ ಹತ್ತಿರವೇ ಹೋಗಲಿ ಎಂದು. ವರ್ಷದುದ್ದಕ್ಕೂ ಒಂದು ಸಲವೂ ಯಾರ ಮನೆಗೂ ಗೈರುಹಾಜರಿಯ ಚೀಟಿ ಹೋಗಿರಲಿಲ್ಲ.

ಸೋಮವಾರ ಕಾಂಚನಾಳ ತಂದೆ ದ್ಯಾಮಪ್ಪ ಬಂದ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ತಲೆ, ಅಂಗಿಯೆಲ್ಲ ಹಿಟ್ಟು. ಹಿಂದೆ ಮಗಳು ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು. ಅವನು ಜಗಳ ತೆಗೆಯುತ್ತಾನೆ, ಬೈಯುತ್ತಾನೆ ಎಂದು ಜಾಹ್ನವಿ ಗಟ್ಟಿಯಾಗಿ ನಿಂತುಕೊಂಡಳು. ಅವನು ಕೈ ಮುಗಿದ.

“ಅಕ್ಕೋರ, ನಾ ದಿನಾ ಗಾಡಿ ಮ್ಯಾಲೆ ಕರಕೊಂಡು ಹೋಗಿ ಈಕಿನ್ನ ಬಸ್ ಹತ್ತಿಸಿ ಬರ್ತೇನ್ರಿ. ಹತ್ತೂದನ್ನ ಕಣ್ಣಾರೆ ನೋಡೇನಿ. ಐವತ್ನಾಕು ದಿನ ಸಾಲಿಗೆ ಬಂದಿಲ್ಲಂದ್ರ, ಇಳದು ಎಲ್ಲಿಗೆ ಹೋಗ್ತಿದ್ಲ್ರಿ?”

ಅಷ್ಟು ಲೆಕ್ಕ ಹಾಕಿದ ಜಾಹ್ನವಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

“ಸಾಲಿಗೇ ಬರ್ತಿದ್ಲ್ರಿ. ಬಸ್ ತಡ ಆಗ್ತಿತ್ತು. ಬಂದ ಮ್ಯಾಲೆ ನಾನ ಹಾಜರಿ ಹಾಕಿಲ್ಲ. ತಪ್ಪು ನಂದ್ರಿ, ಅಕಿದಲ್ಲ.”

ದ್ಯಾಮಪ್ಪ ಜೇಬಿನಿಂದ ಪತ್ರದ ನಕಲು ತೆಗೆದು ಬಿಡಿಸಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ. “ಶಾಲೆಯಲ್ಲಿದ್ದಳೋ ಇಲ್ಲವೋ... ಹೇಳಲು ಸಾಧ್ಯವಿಲ್ಲ. ಸಹಿ ನಿಮ್ದ ಹೌದಲ್ರಿ?”

“ಹೌದ್ರಿ. ಆದ್ರ ಅದರ ಅರ್ಥ ಹಂಗಲ್ಲ...”

“ನಂಗ ಅರ್ಥ ತಿಳಿಯೂದಿಲ್ರಿ. ಒಂದ ಮಾತು ಹೇಳ್ರಿ. ನಲವತ್ಮೂರು ದಿನ ಈಕಿ ಇಲ್ಲಿದ್ಲೋ, ಇಲ್ಲೋ?”

ಇದ್ದಳು ಎಂದುಬಿಟ್ಟರೆ ಮುಗಿದಿತ್ತು. ಆದರೆ ಒಂದು ವಾರದಿಂದ ಖರೆಯ ಬೆನ್ನು ಹತ್ತಿದ ಆ ಮನಸ್ಸು ಅಲ್ಲೇ, ಆ ಹೊತ್ತಿನಲ್ಲೇ ದಿನ ಎಣಿಸತೊಡಗಿತು. ದೀಪಾವಳಿ ಆದ ಮೇಲೆ ಜ್ವರ ಬಂದದ್ದು ಕಾಂಚನಾಳಿಗೋ, ಪಕ್ಕದ ಶೈಲಾಳಿಗೋ? ಡಿಸೆಂಬರಿನಲ್ಲಿ ಯಾರದೋ ಮದುವೆಗೆ ಹೋದವರು ಯಾರು? ಎದುರಿಗೆ ಕೂತವರನ್ನು ತಾನು ಯಾವತ್ತು ನೋಡಿದ್ದೆ? ಒಂದು ಉಸಿರಿನಷ್ಟು ಹೊತ್ತು ಅವಳ ಬಾಯಿ ಕಟ್ಟಿತು.

“ಇದ್ಲ್ರಿ” ಎಂದಳು. “ಎಲ್ಲಾ ದಿನ ಇದ್ಲು.”

ದ್ಯಾಮಪ್ಪ ಆ ಒಂದು ಉಸಿರನ್ನು ಕಂಡಿದ್ದ. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮಗಳ ಕಡೆ ತಿರುಗಿದ. ದನಿ ಏರಿಸಲಿಲ್ಲ.

“ಪಾಟೀಚೀಲ ತಗೊಂಡು ಬಾ. ಎಲ್ಲಿದ್ದಿ ಅನ್ನೂದು ಮನ್ಯಾಗ ಕೇಳ್ತೀನಿ.”

ಕಾಂಚನಾ ಒಳಗೆ ಹೋಗಿ ಚೀಲ ತಂದಳು. ಬಾಗಿಲಲ್ಲಿ ಜಾಹ್ನವಿಯ ಮುಂದೆ ನಿಂತಳು. ಅಳು ನಿಂತುಹೋಗಿತ್ತು.

“ದಿನಾ ನಿಮ್ಮ ಎದುರಿಗೇ ಕುಂತಿದ್ನೆಲ್ರಿ ಅಕ್ಕೋರ” ಎಂದು ಹೇಳಿ, ಅಪ್ಪನ ಹಿಂದೆ ನಡೆದಳು.